'30 ಬೈ 50' ಸೈಟಲ್ಲಿ 1500 ಅಡಿ ಇರಲೇಬೇಕು ಅಂತೇನಿಲ್ಲ: ಎಸ್ಸೆಸ್ಸೆಲ್ಸಿ ಗ್ರಾಫ್ ಲೆಕ್ಕದಲ್ಲಿದೆ ಉತ್ತರ

ತಾಲ್ಲೂಕು ಕೇಂದ್ರದ ಒಂದು ಕಿರಾಣಿ ಅಂಗಡಿ. ಸಂಜೆ ಗಿರಾಕಿ ಕಡಿಮೆ ಇರೋ ಹೊತ್ತಲ್ಲಿ ಮಾಲೀಕರ ಮಗಳು ಗಲ್ಲಾ ಪಕ್ಕದ ಸ್ಟೂಲ್ ಮೇಲೆ ಕೂತು ಓದಿಕೊಳ್ಳೋದು ರೂಢಿ. ಹುಡುಗಿ ಈ ಸಲ ಎಸ್ಸೆಸ್ಸೆಲ್ಸಿ. ಅವತ್ತು ಗಣಿತದ ಅಭ್ಯಾಸ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇತ್ತು. ಚೌಕ ಚೌಕವಾಗಿ ಗೆರೆ ಹಾಕಿದ ಅಚ್ಚಿನ ಗ್ರಾಫ್, ಅದರ ಮೇಲೆ ಒಂದು ಸೈಟಿನ ನಾಲ್ಕು ಮೂಲೆ, ಮೂಲೆಗಳಿಗೆ A, B, C, D ಅಂತ ಹೆಸರು. ಒಂದು ಚೌಕದ ಬದಿ ಅಂದರೆ ನೆಲದ ಮೇಲೆ 5 ಅಡಿ ಅಂತ ಕೆಳಗೆ ಬರೆದಿತ್ತು.

ಬಗ್ಗಿ ನೋಡಿದ ಅಪ್ಪ ಬಾಯಲ್ಲೇ ಲೆಕ್ಕ ಹೇಳಿದರು. "ಇದಕ್ಕೇನು ಅಷ್ಟು ಹೊತ್ತು? ಎದುರು ಬದುರು 30 ಅಡಿ, ಆ ಕಡೆ ಈ ಕಡೆ 50 ಅಡಿ. 30 ಬೈ 50, 1500 ಅಡಿ."

ಮಗಳು ತಲೆ ಎತ್ತಲಿಲ್ಲ. "ಇಲ್ಲಪ್ಪ, ನಂಗೆ 1200 ಬರ್ತಿದೆ."

ಅಪ್ಪ ಹೇಳಿದ ಬದಿಗಳ ಅಳತೆ ಸರಿಯಾಗೇ ಇತ್ತು. ಆದರೂ ವಿಸ್ತೀರ್ಣದಲ್ಲಿ ಮಗಳ ಉತ್ತರವೇ ಸರಿ. 300 ಚದರ ಅಡಿ ಎಲ್ಲಿ ಹೋಯ್ತು ಅನ್ನೋದು ಪರೀಕ್ಷೆ ಬರೆಯುವ ಮಕ್ಕಳಿಗೆ ಎಷ್ಟು ಮುಖ್ಯವೋ, ಸೈಟು ಕೊಳ್ಳುವವರಿಗೂ ಅಷ್ಟೇ ಮುಖ್ಯ. ಚದರ ಅಡಿಗೆ ಸಾವಿರ ರೂಪಾಯಿ ಅಂತ ಇಟ್ಟುಕೊಂಡರೂ ಅದು 3 ಲಕ್ಷದ ಮಾತು.

ಮೊದಲು ಚುಕ್ಕೆ ಸರಿಯಾಗಿ ಓದಬೇಕು

ಮನೆಯಲ್ಲಿ ಗ್ರಾಫ್ ಹಾಳೆ ಇದ್ದರೆ ಒಂದು ತೆಗೆದುಕೊಳ್ಳಿ. ಇಲ್ಲದಿದ್ದರೆ ಮಕ್ಕಳ ಚೌಕದ ಲೆಕ್ಕದ ಪುಸ್ತಕದ ಒಂದು ಹಾಳೆ ಸಾಕು. ಕೆಳಗಡೆ ಎಡ ಮೂಲೆಯಲ್ಲಿ ಎರಡು ಗೆರೆ ಸೇರುವ ಜಾಗಕ್ಕೆ 0 ಅಂತ ಬರೆಯಿರಿ. ಇದು ಮೂಲಬಿಂದು. ಅಲ್ಲಿಂದ ಬಲಕ್ಕೆ ಹೋಗುವ ಅಡ್ಡ ಗೆರೆ x ಅಕ್ಷ, ಮೇಲಕ್ಕೆ ಹೋಗುವ ಗೆರೆ y ಅಕ್ಷ. ಎರಡರ ಮೇಲೂ ಒಂದೊಂದು ಚೌಕಕ್ಕೆ 1, 2, 3 ಅಂತ ಅಂಕಿ ಹಾಕಿ.

ಪತ್ರಿಕೆಯಲ್ಲಿದ್ದ ನಾಲ್ಕು ಮೂಲೆ ಇವು:

A(1, 1), B(7, 1), C(13, 9), D(7, 9)

ಆವರಣದಲ್ಲಿ ಮೊದಲು ಬರುವ ಅಂಕಿ ಬಲಕ್ಕೆ ಎಷ್ಟು ಹೋಗಬೇಕು ಅಂತ ಹೇಳುತ್ತೆ, ಎರಡನೇದು ಮೇಲಕ್ಕೆ ಎಷ್ಟು ಅಂತ. ಅಂದರೆ C ಚುಕ್ಕೆ ಇಡಬೇಕಾದರೆ ಮೂಲಬಿಂದುವಿನಿಂದ ಬಲಕ್ಕೆ 13, ಅಲ್ಲಿಂದ ಮೇಲಕ್ಕೆ 9. ನಾಲ್ಕೂ ಚುಕ್ಕೆ ಇಟ್ಟು A ಇಂದ B, B ಇಂದ C, C ಇಂದ D, D ಇಂದ ವಾಪಸ್ A ಗೆ ಗೆರೆ ಎಳೆಯಿರಿ. ಬಲಕ್ಕೆ ವಾಲಿದ ಒಂದು ನಾಲ್ಕು ಮೂಲೆಯ ಆಕಾರ ಬರುತ್ತೆ.

ಇಲ್ಲೇ ಮಕ್ಕಳು ಎರಡು ತಪ್ಪು ಮಾಡ್ತಾರೆ. ಒಂದು, ಅಂಕಿಗಳನ್ನು ಹಿಂದುಮುಂದು ಓದೋದು. (13, 9) ಬದಲು (9, 13) ಇಟ್ಟರೆ ಇಡೀ ಚಿತ್ರವೇ ಬೇರೆ ಆಗುತ್ತೆ. ಎರಡನೇದು, ಗೆರೆ ಎಣಿಸೋ ಬದಲು ಚೌಕದ ಹೊಟ್ಟೆ ಎಣಿಸೋದು. ಚುಕ್ಕೆ ಇರೋದು ಗೆರೆಗಳು ಕೂಡುವ ಜಾಗದಲ್ಲಿ, ಚೌಕದ ಒಳಗಲ್ಲ. ಚೌಕವನ್ನೇ "ಒಂದನೇದು, ಎರಡನೇದು" ಅಂತ ಎಣಿಸುತ್ತಾ ಹೋದರೆ ಉತ್ತರ ಒಂದು ಅಂಕಿ ಆಚೀಚೆ ಆಗುತ್ತೆ. ಹಾಗಾಗಿ ಚುಕ್ಕೆಯಿಂದ ಬೆರಳಿಟ್ಟು ನೇರ ಕೆಳಗೆ ಇಳಿದು x ಅಕ್ಷದ ಅಂಕಿ ಓದಬೇಕು, ಆಮೇಲೆ ನೇರ ಎಡಕ್ಕೆ ಹೋಗಿ y ಅಕ್ಷದ ಅಂಕಿ ಓದಬೇಕು.

ಓರೆ ಗೆರೆಯ ಉದ್ದ: 8 ಅಲ್ಲ, 12 ಅಲ್ಲ, 14 ಅಲ್ಲ

A ಇಂದ B ಗೆ ಗೆರೆ ಅಡ್ಡಡ್ಡ ಇದೆ. 1 ರಿಂದ 7 ರವರೆಗೆ, ಅಂದರೆ 6 ಚೌಕ. ಒಂದಕ್ಕೆ 5 ಅಡಿ, ಒಟ್ಟು 30 ಅಡಿ. ಇದರಲ್ಲಿ ಗೊಂದಲ ಇಲ್ಲ.

ಕಷ್ಟ ಶುರುವಾಗೋದು B ಇಂದ C ಗೆ ಹೋಗುವ ಓರೆ ಗೆರೆಯಲ್ಲಿ. ಇದನ್ನು ಮಕ್ಕಳ ಕೈಗೆ ಕೊಟ್ಟು ಎಣಿಸಿ ಅಂದರೆ ಮೂರು ಥರದ ಉತ್ತರ ಬರುತ್ತೆ. ಗೆರೆ ಎಷ್ಟು ಚೌಕದ ಒಳಗಿಂದ ಹಾದು ಹೋಗಿದೆ ಅಂತ ಎಣಿಸಿದವರಿಗೆ 12 ಸಿಗುತ್ತೆ. ಕೆಳಗಿಂದ ಮೇಲಕ್ಕೆ ಎಷ್ಟು ಸಾಲು ಏರಿದೆ ಅಂತ ನೋಡಿದವರಿಗೆ 8. ಬಲಕ್ಕೆ 6, ಮೇಲಕ್ಕೆ 8 ಅಂತ ಎರಡನ್ನೂ ಕೂಡಿಸಿದವರಿಗೆ 14. ಮೂರೂ ತಪ್ಪು.

ಸರಿ ಉತ್ತರ ತಿಳಿಯೋಕೆ B ಇಂದ ಬಲಕ್ಕೆ (13, 1) ವರೆಗೆ ಪೆನ್ಸಿಲ್ಲಲ್ಲಿ ಒಂದು ಗೆರೆ ಎಳೆಯಿರಿ, ಅಲ್ಲಿಂದ ನೇರ ಮೇಲಕ್ಕೆ C ವರೆಗೆ ಇನ್ನೊಂದು. ಈಗ ಒಂದು ಲಂಬಕೋನ ತ್ರಿಭುಜ ಆಯ್ತು. ಅಡ್ಡ ಬಾಹು 13 − 7 = 6, ಲಂಬ ಬಾಹು 9 − 1 = 8. ಓರೆ ಗೆರೆ ಈ ತ್ರಿಭುಜದ ವಿಕರ್ಣ. ಪೈಥಾಗೊರಸ್ ಪ್ರಮೇಯ ಹೇಳೋದು ಇಷ್ಟೇ: ಎರಡು ಬಾಹುಗಳ ವರ್ಗ ಕೂಡಿಸಿದರೆ ವಿಕರ್ಣದ ವರ್ಗ ಸಿಗುತ್ತೆ.

BC = √(6² + 8²) = √(36 + 64) = √100 = 10

ಹತ್ತು ಚೌಕ, ಅಂದರೆ 50 ಅಡಿ. ಪಠ್ಯಪುಸ್ತಕದಲ್ಲಿರೋ ದೂರ ಸೂತ್ರವೂ ಇದೇ. ಅಕ್ಷರದಲ್ಲಿ ಬರೆದಿರೋದರಿಂದ ಹೊಸದು ಅನ್ನಿಸುತ್ತೆ ಅಷ್ಟೇ:

d = √[(x₂ − x₁)² + (y₂ − y₁)²]

ಕಳೆಯುವಾಗ ಯಾವ ಚುಕ್ಕೆ ಮೊದಲು ತಗೊಂಡರೂ ನಡೆಯುತ್ತೆ. 13 − 7 ಮಾಡಿದರೆ 6, 7 − 13 ಮಾಡಿದರೆ −6. ವರ್ಗ ಮಾಡಿದ ಮೇಲೆ ಎರಡೂ 36. ಆದರೆ x ಗೆ x, y ಗೆ y ಮಾತ್ರ ಕಳೆಯಬೇಕು. ಒಂದೇ ಚುಕ್ಕೆಯ ಎರಡು ಅಂಕಿಗಳನ್ನು ಒಂದರಿಂದ ಒಂದು ಕಳೆಯೋದು ಮಕ್ಕಳು ಪದೇ ಪದೇ ಮಾಡುವ ತಪ್ಪು.

ಉತ್ತರ ಸರಿ ಇದೆಯಾ ಅಂತ ನೋಡೋಕೆ ಸುಲಭದ ದಾರಿ ಇದೆ. ಓರೆ ಗೆರೆಯ ಉದ್ದ ಎರಡು ಬಾಹುಗಳಲ್ಲಿ ದೊಡ್ಡದಕ್ಕಿಂತ ಹೆಚ್ಚಿರಬೇಕು, ಎರಡೂ ಕೂಡಿದ್ದಕ್ಕಿಂತ ಕಡಿಮೆ ಇರಬೇಕು. ಇಲ್ಲಿ 8 ಮತ್ತು 14 ರ ನಡುವೆ. ಹೊರಗೆ ಬಂದರೆ ಎಲ್ಲೋ ಕೈ ತಪ್ಪಿದೆ.

ಸ್ಕೇಲ್ ಇಟ್ಟು ಅಳೆದರೆ ಸಿಗಲ್ವಾ?

ಗ್ರಾಫ್ ಎದುರಿಗೇ ಇದೆ, ಸ್ಕೇಲ್ ಇಟ್ಟು ಅಳೆದುಬಿಟ್ಟರೆ ಆಯ್ತಲ್ಲ ಅಂತ ಅನ್ನಿಸೋದು ಸಹಜ. ತೊಂದರೆ ಇರೋದು ಅಚ್ಚಿನಲ್ಲಿ. ಪತ್ರಿಕೆ ಮೊಬೈಲಿಗೆ ಪಿಡಿಎಫ್ ಆಗಿ ಬರುತ್ತೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವಾಗ ಹಾಳೆಗೆ ಹೊಂದಿಸೋಕೆ ಅಳತೆ ಕುಗ್ಗುತ್ತೆ. 1 ಸೆಂಟಿಮೀಟರ್ ಇರಬೇಕಾದ ಚೌಕ 9 ಮಿಲಿಮೀಟರ್ ಆಗಿರಬಹುದು. ಅದರ ಪ್ರತಿಯ ಪ್ರತಿ ತೆಗೆದರೆ ಇನ್ನಷ್ಟು ಬದಲಾಗಬಹುದು. ಕೆಲವು ಸಲ ಒಂದೇ ಕಡೆಗೆ ಹಿಗ್ಗಿ, ಚೌಕ ಚೌಕವಾಗೇ ಉಳಿಯಲ್ಲ.

ಸ್ಕೇಲಿನ ಅಳತೆ ಇದರಿಂದ ಹಾಳಾಗುತ್ತೆ. ಆದರೆ C ಚುಕ್ಕೆ 13 ನೇ ಗೆರೆ ಮತ್ತು 9 ನೇ ಗೆರೆ ಸೇರುವ ಜಾಗದಲ್ಲಿದೆ ಅನ್ನೋದು ಹಾಳೆ ಎಷ್ಟು ಕುಗ್ಗಿದರೂ ಬದಲಾಗಲ್ಲ. ಹಾಗಾಗಿ ಚಿತ್ರದಿಂದ ಓದಬೇಕಾದ್ದು ಅಕ್ಷದ ಮೇಲಿನ ಅಂಕಿ ಮಾತ್ರ, ಉಳಿದದ್ದು ಲೆಕ್ಕದಿಂದಲೇ ಬರಬೇಕು.

ಮಧ್ಯಬಿಂದು: ಕೂಡಿಸಬೇಕು, ಕಳೆಯಬಾರದು

ಪ್ರಶ್ನೆಯ ಎರಡನೇ ಭಾಗ ಹೀಗಿತ್ತು: ಸೈಟಿನ ಎರಡು ಕರ್ಣಗಳು ಕೂಡುವ ಜಾಗದಲ್ಲಿ ಬೋರ್‌ವೆಲ್ ಕೊರೆಸಬೇಕು, ಆ ಬಿಂದು ಯಾವುದು?

ಒಂದು ಗೆರೆಯ ಮಧ್ಯ ಅಂದರೆ ಎರಡು ತುದಿಗಳ ಸರಾಸರಿ. ಎರಡು x ಕೂಡಿಸಿ ಅರ್ಧ ಮಾಡಬೇಕು, ಎರಡು y ಕೂಡಿಸಿ ಅರ್ಧ ಮಾಡಬೇಕು.

AC ಮಧ್ಯಬಿಂದು = ((1 + 13)/2, (1 + 9)/2) = (7, 5)

BD ಮಧ್ಯಬಿಂದು = ((7 + 7)/2, (1 + 9)/2) = (7, 5)

ಎರಡೂ ಕರ್ಣಕ್ಕೆ ಮಧ್ಯ ಒಂದೇ ಜಾಗದಲ್ಲಿ ಬಂತು. ಬೋರ್‌ವೆಲ್ ಜಾಗ (7, 5). ನೆಲದ ಮೇಲೆ ಹುಡುಕಬೇಕಾದರೆ B ಮೂಲೆಯಿಂದ D ಮೂಲೆಗೆ ದಾರ ಎಳೆದು, B ಇಂದ 4 ಚೌಕ ಅಂದರೆ 20 ಅಡಿ ನಡೆದರೆ ಸಾಕು.

ದೂರದ ಲೆಕ್ಕದಲ್ಲಿ ಕಳೆದು ಅಭ್ಯಾಸ ಆಗಿರೋದರಿಂದ ಇಲ್ಲೂ ಕಳೆದುಬಿಡೋದು ಎಲ್ಲರೂ ಮಾಡುವ ತಪ್ಪು. BC ಗೆರೆಗೆ ಹಾಗೆ ಮಾಡಿದರೆ (13 − 7)/2 = 3, (9 − 1)/2 = 4, ಅಂದರೆ (3, 4) ಬರುತ್ತೆ. ಆ ಚುಕ್ಕೆಯನ್ನು ಗ್ರಾಫಿನಲ್ಲಿ ಇಟ್ಟು ನೋಡಿ, ಅದು BC ಗೆರೆಯ ಮೇಲೆ ಇಲ್ಲವೇ ಇಲ್ಲ, ಎಡಗಡೆ ದೂರದಲ್ಲಿ ಸೈಟಿನ ಆಚೆಗೆ ಬಿದ್ದಿರುತ್ತೆ. ಸರಿ ಉತ್ತರ (10, 5). ಮಧ್ಯಬಿಂದುವಿನ x ಯಾವಾಗಲೂ ಎರಡು x ಗಳ ನಡುವೆಯೇ ಇರಬೇಕು, y ಕೂಡ ಹಾಗೇ. ಅಚ್ಚಿನ ಗ್ರಾಫ್ ಇರುವ ಪ್ರಶ್ನೆಯ ದೊಡ್ಡ ಅನುಕೂಲ ಇದೇ, ಉತ್ತರವನ್ನು ಅಲ್ಲೇ ಚುಕ್ಕೆ ಇಟ್ಟು ಪರೀಕ್ಷೆ ಮಾಡಬಹುದು.

ಈ ಮಧ್ಯಬಿಂದು ಇನ್ನೊಂದು ವಿಷಯವನ್ನೂ ಹೇಳಿತು. ಎರಡು ಕರ್ಣ ಒಂದನ್ನೊಂದು ಅರ್ಧಕ್ಕೆ ಕತ್ತರಿಸಿದರೆ ಆ ಆಕಾರ ಸಮಾಂತರ ಚತುರ್ಭುಜ, ಅಂದರೆ ಎದುರು ಬದುರು ಬದಿಗಳು ಸಮ ಮತ್ತು ಸಮಾಂತರ. ಆದರೆ ಅದು ಆಯತ ಆಗಬೇಕಾದರೆ ಇಷ್ಟು ಸಾಲದು, ಎರಡು ಕರ್ಣಗಳ ಉದ್ದವೂ ಒಂದೇ ಇರಬೇಕು. ದೂರ ಸೂತ್ರ ಹಾಕಿ ನೋಡೋಣ.

BD = 9 − 1 = 8 ಚೌಕ = 40 ಅಡಿ

AC = √(12² + 8²) = √208, ಸುಮಾರು 14.4 ಚೌಕ = ಸುಮಾರು 72 ಅಡಿ

ಒಂದು ಕರ್ಣ 40 ಅಡಿ, ಇನ್ನೊಂದು 72 ಅಡಿ. ನಿಜವಾದ 30 ಬೈ 50 ಆಯತದಲ್ಲಿ ಎರಡೂ ಕರ್ಣ 58 ಅಡಿ 4 ಇಂಚಿನ ಹತ್ತಿರ ಇರಬೇಕಿತ್ತು. ಅಂದರೆ ಪತ್ರಿಕೆಯ ಸೈಟು ಆಯತ ಅಲ್ಲ. ಅಪ್ಪನ 1500 ತಪ್ಪಿದ್ದು ಇಲ್ಲೇ.

ವಿಸ್ತೀರ್ಣ: ಬದಿ ಅಷ್ಟೇ ಇದ್ದರೂ ಜಾಗ ಕಡಿಮೆ

ವಿಸ್ತೀರ್ಣ ತೆಗೆಯೋಕೆ ಗ್ರಾಫಿನಲ್ಲಿ ಸೂತ್ರ ಬೇಡದ ದಾರಿಯೂ ಇದೆ. ಸೈಟಿನ ಸುತ್ತ ಒಂದು ದೊಡ್ಡ ಆಯತ ಎಳೆಯಿರಿ. ಎಡ ತುದಿ x = 1, ಬಲ ತುದಿ x = 13, ಕೆಳಗೆ y = 1, ಮೇಲೆ y = 9. ಅದರ ಅಗಲ 12, ಎತ್ತರ 8, ಒಟ್ಟು 96 ಚೌಕ. ಇದರಲ್ಲಿ ಸೈಟಿಗೆ ಸೇರದ ಎರಡು ತ್ರಿಭುಜ ಇವೆ, ಎಡ ಮೇಲ್ಗಡೆ ಒಂದು, ಬಲ ಕೆಳಗಡೆ ಒಂದು. ಎರಡೂ 6 ಅಗಲ, 8 ಎತ್ತರದ ಲಂಬಕೋನ ತ್ರಿಭುಜಗಳು. ಒಂದೊಂದರ ವಿಸ್ತೀರ್ಣ 6 × 8 ÷ 2 = 24 ಚೌಕ. 96 ರಲ್ಲಿ 48 ಕಳೆದರೆ ಉಳಿಯೋದು 48 ಚೌಕ.

ಇದನ್ನೇ ತ್ರಿಭುಜದ ಸೂತ್ರದಿಂದಲೂ ತೆಗೆಯಬಹುದು. ಸೈಟನ್ನು BD ಕರ್ಣದ ಮೇಲೆ ಎರಡು ತ್ರಿಭುಜ ಮಾಡಬೇಕು. ಮೂರು ಮೂಲೆ ಗೊತ್ತಿದ್ದರೆ ವಿಸ್ತೀರ್ಣ:

½ [x₁(y₂ − y₃) + x₂(y₃ − y₁) + x₃(y₁ − y₂)]

ABD ತ್ರಿಭುಜಕ್ಕೆ A(1, 1), B(7, 1), D(7, 9) ಹಾಕಿದರೆ:

½ [1(1 − 9) + 7(9 − 1) + 7(1 − 1)] = ½ [−8 + 56 + 0] = 24

BCD ತ್ರಿಭುಜಕ್ಕೂ 24 ಬರುತ್ತೆ. ಒಟ್ಟು 48. ಚುಕ್ಕೆಗಳನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ತಗೊಂಡರೆ ಉತ್ತರ ಮೈನಸ್ ಬರುತ್ತೆ. ಗಾಬರಿ ಬೇಡ, ಮೈನಸ್ ಬಿಟ್ಟು ಅಂಕಿ ಮಾತ್ರ ಬರೆದರೆ ಆಯ್ತು. ಈ ಸೂತ್ರದ ಭಾಗವನ್ನು ಎನ್‌ಸಿಇಆರ್‌ಟಿ ತನ್ನ 10ನೇ ತರಗತಿ ಗಣಿತ ಪುಸ್ತಕದ ಪರಿಷ್ಕೃತ ಆವೃತ್ತಿಯಿಂದ ಕೈಬಿಟ್ಟಿದೆ. ಹಳೆ ಪ್ರಶ್ನೆಪತ್ರಿಕೆ, ಗೈಡುಗಳಲ್ಲಿ ಇನ್ನೂ ಇದೆ. ಹಳೆ ಪತ್ರಿಕೆ ಇಟ್ಟುಕೊಂಡು ಓದುವ ಮಕ್ಕಳು ತಮ್ಮ ಈಗಿನ ಪುಸ್ತಕದಲ್ಲಿ ಅದು ಇದೆಯಾ ಅಂತ ಒಮ್ಮೆ ನೋಡಿಕೊಳ್ಳಬೇಕು. ಸುತ್ತ ಆಯತ ಎಳೆದು ಕಳೆಯುವ ದಾರಿಗೆ ಯಾವ ಸೂತ್ರವೂ ಬೇಡ.

ಈಗ 48 ಚೌಕವನ್ನು ಚದರ ಅಡಿ ಮಾಡಬೇಕು. ಇಲ್ಲಿ 48 × 5 = 240 ಅಂತ ಬರೆದು ಅಂಕ ಕಳಕೊಳ್ಳುವವರು ಇದ್ದಾರೆ. ಒಂದು ಚೌಕದ ಬದಿ 5 ಅಡಿ, ಆದರೆ ಇಡೀ ಚೌಕದ ಜಾಗ 5 × 5 = 25 ಚದರ ಅಡಿ. ಉದ್ದಕ್ಕೆ 5 ರಿಂದ ಗುಣಿಸಬೇಕು, ವಿಸ್ತೀರ್ಣಕ್ಕೆ 25 ರಿಂದ.

48 × 25 = 1200 ಚದರ ಅಡಿ

ಅಂದರೆ ನಾಲ್ಕು ಬದಿ ಅಳೆದರೆ 30 ಬೈ 50, ಆದರೆ ಒಳಗಿರೋ ಜಾಗ 30 ಬೈ 40 ಸೈಟಿನಷ್ಟೇ.

ಇದು ಹೇಗೆ ಅನ್ನೋರಿಗೆ ಅಂಗಡಿಯಲ್ಲೇ ಉದಾಹರಣೆ ಇದೆ. ಬೆಂಕಿಪೊಟ್ಟಣದ ಕಡ್ಡಿ ಇರುವ ಡಬ್ಬಿ ಹೊರಗೆ ತೆಗೆದು, ಖಾಲಿ ಹೊರಕವಚವನ್ನು ಮಾತ್ರ ಕೈಯಲ್ಲಿ ಹಿಡಿಯಿರಿ. ಅದರ ಬಾಯಿ ಆಯತ. ಮೂಲೆ ಹಿಡಿದು ಪಕ್ಕಕ್ಕೆ ಒತ್ತಿದರೆ ಅದು ವಾಲುತ್ತೆ, ಇನ್ನೂ ಒತ್ತಿದರೆ ಚಪ್ಪಟೆ ಆಗಿ ಬಾಯೇ ಮುಚ್ಚಿಹೋಗುತ್ತೆ. ನಾಲ್ಕೂ ಬದಿಯ ಉದ್ದ ಒಂದಿಷ್ಟೂ ಬದಲಾಗಿಲ್ಲ, ಒಳಗಿನ ಜಾಗ ಮಾತ್ರ ಕರಗಿ ಸೊನ್ನೆ ಆಯ್ತು. ಅಂಗಡಿ ಬಾಗಿಲಿನ ಎಳೆಯುವ ಕಬ್ಬಿಣದ ಗೇಟಿನಲ್ಲೂ ಆಗೋದು ಇದೇ. ಬದಿಗಳ ಉದ್ದ ಗೊತ್ತಿದ್ದ ಮಾತ್ರಕ್ಕೆ ಜಾಗ ಗೊತ್ತಾಗಲ್ಲ, ಮೂಲೆ ಎಷ್ಟು ತೆರೆದಿದೆ ಅನ್ನೋದೂ ಬೇಕು.

ಎದುರು ಬದುರು ಸರಾಸರಿ ಲೆಕ್ಕ ಹಳೇದು

ನಾಲ್ಕು ಬದಿ ಬೇರೆ ಬೇರೆ ಇರುವ ಜಾಗಕ್ಕೆ ಎದುರು ಬದುರು ಬದಿ ಕೂಡಿಸಿ ಅರ್ಧ ಮಾಡಿ, ಎರಡು ಸರಾಸರಿಗಳನ್ನು ಗುಣಿಸುವ ಪದ್ಧತಿ ಹಳ್ಳಿ ಪಟ್ಟಣ ಎಲ್ಲ ಕಡೆ ಇದೆ. ಇದು ಇವತ್ತಿನದಲ್ಲ. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628 ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇದೇ ಲೆಕ್ಕ ಇದೆ. ಆದರೆ ಅವರು ಅದನ್ನು 'ಸ್ಥೂಲ' ಫಲ ಅಂತ ಕರೆದರು, ಅಂದರೆ ದಪ್ಪ ಲೆಕ್ಕ, ಅಂದಾಜು. ಸರಿಯಾದ ಲೆಕ್ಕಕ್ಕೆ ಅವರು ಇಟ್ಟ ಹೆಸರು 'ಸೂಕ್ಷ್ಮ'.

ಈ ಸ್ಥೂಲ ಲೆಕ್ಕಕ್ಕೆ ಒಂದು ಗುಣ ಇದೆ. ಅದು ಯಾವತ್ತೂ ಕಡಿಮೆ ತೋರಿಸಲ್ಲ. ಜಾಗ ಪಕ್ಕಾ ಆಯತ ಆಗಿದ್ದರೆ ಸರಿ ಉತ್ತರ ಕೊಡುತ್ತೆ, ಉಳಿದ ಎಲ್ಲ ಆಕಾರಕ್ಕೂ ನಿಜಕ್ಕಿಂತ ಹೆಚ್ಚೇ ಕೊಡುತ್ತೆ. ಹಾಗಾಗಿ ತಪ್ಪು ಯಾವಾಗಲೂ ಮಾರುವವರ ಕಡೆಗೇ ವಾಲುತ್ತೆ, ಕೊಳ್ಳುವವರ ಕಡೆಗಲ್ಲ. ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ, ಲೆಕ್ಕವೇ ಹಾಗಿದೆ.

ಪತ್ರದಲ್ಲಿ ಪೂರ್ವ-ಪಶ್ಚಿಮ ಇಷ್ಟು, ಉತ್ತರ-ದಕ್ಷಿಣ ಇಷ್ಟು ಅಂತ ಎರಡು ಅಂಕಿ ಮಾತ್ರ ಬರೆದಿದ್ದರೆ ಮೂಲೆ ಓರೆ ಇದೆಯೋ ಇಲ್ಲವೋ ಆ ಅಂಕಿಯಿಂದ ತಿಳಿಯಲ್ಲ. ರಸ್ತೆ ಓರೆಯಾಗಿ ಹೋಗಿರುವ ಕಡೆ, ಬಡಾವಣೆಯ ತುದಿಯ ಸೈಟುಗಳಲ್ಲಿ ಮೂಲೆ ಓರೆ ಆಗಿರೋದು ಜಾಸ್ತಿ.

ಟೇಪ್ ಹಿಡಿದು ನೋಡೋದು ಹೇಗೆ

ಮಗಳ ಲೆಕ್ಕ ನೋಡಿದ ಮೇಲೆ ಅಪ್ಪನಿಗೆ ತಾವು ನೋಡಿ ಬಂದಿದ್ದ ಸೈಟಿನ ನೆನಪಾಯ್ತು. ಅದೂ 30 ಬೈ 50, ಮುಂದಿನ ರಸ್ತೆ ಸ್ವಲ್ಪ ಓರೆ. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಉದ್ದದ ಟೇಪ್ ತಗೊಂಡು ಹೋದರು. ನಾಲ್ಕು ಬದಿ ಅಳೆದಾಗ ಎದುರು ಬದುರು 30, ಆಚೆ ಈಚೆ 50 ಸರಿಯಾಗೇ ಬಂತು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಎಳೆದರು. ಒಂದು ಕರ್ಣ 55 ಅಡಿ, ಇನ್ನೊಂದು 61 ಅಡಿ 5 ಇಂಚು. ಆಯತ ಆಗಿದ್ದರೆ ಎರಡೂ ಒಂದೇ ಬರಬೇಕಿತ್ತು.

ಎಷ್ಟು ಜಾಗ ಕಡಿಮೆ ಆಗಿದೆ ಅಂತ ಮಗಳು ಗ್ರಾಫ್ ಹಾಳೆಯಲ್ಲೇ ತೆಗೆದಳು. ಮತ್ತೆ ಒಂದು ಚೌಕಕ್ಕೆ 5 ಅಡಿ. ಮುಂದಿನ 30 ಅಡಿ ಅಂದರೆ 6 ಚೌಕ, ಅದಕ್ಕೆ A(0, 0), B(6, 0) ಅಂತ ಚುಕ್ಕೆ ಇಟ್ಟಳು. ಹಿಂದಿನ ಎಡ ಮೂಲೆ D ಎಲ್ಲಿದೆ ಅಂತ ಗೊತ್ತಿಲ್ಲ, ಆದರೆ ಅದು A ಇಂದ 50 ಅಡಿ ಅಂದರೆ 10 ಚೌಕ, B ಇಂದ 55 ಅಡಿ ಅಂದರೆ 11 ಚೌಕ ದೂರದಲ್ಲಿದೆ. ಕೈವಾರದ ಮೊನೆ A ಮೇಲಿಟ್ಟು 10 ಚೌಕದ ಕಂಸ ಎಳೆದಳು, B ಮೇಲಿಟ್ಟು 11 ಚೌಕದ್ದು. ಎರಡು ಕಂಸ ಕತ್ತರಿಸಿದ ಜಾಗವೇ D.

ಲೆಕ್ಕದಲ್ಲೂ ಅದನ್ನೇ ತೆಗೆಯಬಹುದು. D ಯನ್ನು (x, y) ಅಂತ ಇಟ್ಟುಕೊಂಡರೆ ದೂರ ಸೂತ್ರದಿಂದ:

x² + y² = 100

(x − 6)² + y² = 121

ಎರಡನೇದರಿಂದ ಮೊದಲನೇದನ್ನು ಕಳೆದರೆ y² ಹಾರಿಹೋಗುತ್ತೆ. ಉಳಿಯೋದು 36 − 12x = 21, ಅಂದರೆ x = 1.25. ಅದನ್ನು ಮೊದಲನೇದಕ್ಕೆ ಹಾಕಿದರೆ y ಸುಮಾರು 9.92. ಗ್ರಾಫಿನಲ್ಲೂ ಕಂಸಗಳು ಕತ್ತರಿಸಿದ್ದು 10 ನೇ ಗೆರೆಗೆ ಕೂದಲೆಳೆ ಕೆಳಗೆ. ವಿಸ್ತೀರ್ಣ ಅಂದರೆ ತಳ 6, ಎತ್ತರ 9.92, ಗುಣಿಸಿದರೆ 59.52 ಚೌಕ. 25 ರಿಂದ ಗುಣಿಸಿದರೆ 1488 ಚದರ ಅಡಿ.

ಹೆಚ್ಚುಕಡಿಮೆ 12 ಅಡಿ ಮಾತ್ರ ಕಮ್ಮಿ. ಕರ್ಣಗಳಲ್ಲಿ ಆರು ಅಡಿಗೂ ಮೀರಿ ವ್ಯತ್ಯಾಸ ಇದ್ದರೂ ಜಾಗ ಕರಗಿದ್ದು ಇಷ್ಟೇ. ಮೂಲೆ ಸ್ವಲ್ಪ ವಾಲಿದಾಗ ವಿಸ್ತೀರ್ಣ ನಿಧಾನವಾಗಿ ಇಳಿಯುತ್ತೆ, ಜಾಸ್ತಿ ವಾಲಿದಂತೆ ಬೇಗ ಬೇಗ ಇಳಿಯುತ್ತೆ. ಅದೇ ಸೈಟಿನ ಸಣ್ಣ ಕರ್ಣ 50 ಅಡಿ ಇದ್ದಿದ್ದರೆ ವಿಸ್ತೀರ್ಣ ಸುಮಾರು 1431, ಅಂದರೆ 69 ಅಡಿ ಖೋತಾ. 40 ಅಡಿ ಇದ್ದರೆ ಪತ್ರಿಕೆಯ ಪ್ರಶ್ನೆಯಂತೆ 1200.

ಈ ಲೆಕ್ಕಕ್ಕೆ ಮಿತಿಯೂ ಇದೆ. ನೆಲ ಸಮತಟ್ಟಾಗಿರಬೇಕು, ಟೇಪ್ ಜೋಲು ಬೀಳದಂತೆ ಬಿಗಿಯಾಗಿ ಎಳೆದಿರಬೇಕು, ಮೂಲೆ ಕಲ್ಲು ಇರಬೇಕಾದ ಜಾಗದಲ್ಲೇ ಇರಬೇಕು. ಗ್ರಾಫಿನಲ್ಲಿ ಚುಕ್ಕೆ ಗೆರೆಗಳ ನಡುವೆ ಬಿದ್ದರೆ ಕಣ್ಣಳತೆಯಲ್ಲಿ ಅಷ್ಟು ನಿಖರವಾಗಿ ಓದೋಕಾಗಲ್ಲ. ಎದುರು ಬದುರು ಬದಿಗಳೂ ಸಮ ಇಲ್ಲದಿದ್ದರೆ ತಳ-ಎತ್ತರದ ಲೆಕ್ಕ ನಡೆಯಲ್ಲ, ಒಂದು ಕರ್ಣದ ಮೇಲೆ ಎರಡು ತ್ರಿಭುಜ ಮಾಡಿ ಬೇರೆ ಬೇರೆ ತೆಗೆದು ಕೂಡಿಸಬೇಕು. ಗಡಿ ಯಾರದು ಅನ್ನೋ ತಕರಾರು ಇದ್ದರೆ ಅದು ಸರ್ವೆಯವರು ಬಂದು ಅಳೆಯಬೇಕಾದ ಕೆಲಸ. ಕರ್ಣ ಅಳೆಯೋದರಿಂದ ಸೈಟು ಆಯತವೋ ಅಲ್ಲವೋ, ಎಷ್ಟು ಅಡಿ ಕಮ್ಮಿ ಅನ್ನೋದಷ್ಟೇ ತಿಳಿಯುತ್ತೆ.

ಆ ಸೈಟಿನ ಮಾತುಕತೆ ಇನ್ನೂ ನಡೀತಿದೆ. ದರ ಮಾತಾಡುವಾಗ ಅಪ್ಪ ಈಗ 1500 ಅನ್ನುತ್ತಿಲ್ಲ, 1488 ಅನ್ನುತ್ತಿದ್ದಾರೆ. ಮಾರುವವರು ಹೇಗೆ ಅಂತ ಕೇಳಿದರೆ ತೋರಿಸೋಕೆ ಕೈವಾರದ ತೂತು ಬಿದ್ದ ಆ ಗ್ರಾಫ್ ಹಾಳೆಯನ್ನು ಗಲ್ಲಾದಲ್ಲೇ ಇಟ್ಟುಕೊಂಡಿದ್ದಾರೆ.